ಪರಮಾಣು ತಾಳೆಯಾದರೂ ಸಮೀಕರಣ ತಪ್ಪಾಗುವುದು ಎಲ್ಲಿ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಫಸ್ಟ್ ಪಿಯುಸಿ ಸೈನ್ಸ್. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ವರ್ಕ್‌ಶೀಟ್‌ನಲ್ಲಿ MnO₄⁻ + SO₃²⁻ → MnO₂ + SO₄²⁻ ಕೊಟ್ಟು ‘ಬೇಸಿಕ್ ಮೀಡಿಯಂ, ಹಾಫ್ ರಿಯಾಕ್ಷನ್ ಮೆಥಡ್’ ಅಂದಿದ್ದಾರೆ. ನನಗೆ ಎಡಗಡೆ 2H⁺ ಬರುತ್ತೆ, ಉತ್ತರದಲ್ಲಿ ಬಲಗಡೆ 2OH⁻ ಇದೆ. ಎಲೆಕ್ಟ್ರಾನ್ ಯಾವ ಕಡೆ ಹಾಕಬೇಕು ಅನ್ನೋದೂ ಪ್ರತಿ ಸಲ ಗೊಂದಲ. ತಾಮ್ರ ಮತ್ತು ನೈಟ್ರಿಕ್ ಆಸಿಡ್ ಲೆಕ್ಕದಲ್ಲಿ ನನಗೆ 2 ನೈಟ್ರೇಟ್ ಬಂದ್ರೆ ಉತ್ತರದಲ್ಲಿ 8 HNO₃ ಇದೆ. ಅಂದಾಜಿನ ಮೇಲೆ ಅಂಕಿ ಹಾಕ್ತಾ ಹೋದ್ರೆ ಎಷ್ಟೋ ಸಲ ಬೇಗ ಬರುತ್ತೆ. ಹಾಗಿದ್ರೆ ಈ ಉದ್ದದ ಮೆಥಡ್ ಯಾಕೆ ಬೇಕು?

ಉತ್ತರ: ಎಡಗಡೆ 2H⁺ ಬಂದಿದೆ ಎಂದರೆ ನೀವು ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದೀರಿ, ಕೊನೆಯ ಒಂದು ಹೆಜ್ಜೆ ಮಾತ್ರ ಉಳಿದಿದೆ. ಆ ಹೆಜ್ಜೆ ಯಾಕೆ ಬೇಕು ಅನ್ನುವುದು ತಿಳಿಯಲು ಲೆಕ್ಕವನ್ನು ಮೊದಲಿನಿಂದ ನೋಡೋಣ. ಎಲೆಕ್ಟ್ರಾನಿನ ಗೊಂದಲವೂ ದಾರಿಯಲ್ಲೇ ಬಿಡುತ್ತದೆ.

ಮೊದಲು ಯಾವುದು ಬದಲಾಗಿದೆ ನೋಡಿ. MnO₄⁻ ಅಯಾನಿನಲ್ಲಿ ಮ್ಯಾಂಗನೀಸಿನ ಉತ್ಕರ್ಷಣ ಸಂಖ್ಯೆ +7, MnO₂ದಲ್ಲಿ +4. ಕಡಿಮೆಯಾಗಿದೆ, ಹಾಗಾಗಿ ಇದು ಅಪಕರ್ಷಣ. SO₃²⁻ದಲ್ಲಿ ಗಂಧಕ +4, SO₄²⁻ದಲ್ಲಿ +6. ಹೆಚ್ಚಾಗಿದೆ, ಇದು ಉತ್ಕರ್ಷಣ. ಉತ್ಕರ್ಷಣ ಸಂಖ್ಯೆಯ ಕೆಲಸ ಸದ್ಯಕ್ಕೆ ಇಷ್ಟೇ: ಯಾವುದು ಯಾವ ಅರ್ಧಕ್ಕೆ ಸೇರಬೇಕು ಎಂದು ಹೇಳುವುದು. ಇನ್ನು ಅದನ್ನು ಪಕ್ಕಕ್ಕಿಡಿ, ಕೊನೆಗೆ ಪರೀಕ್ಷೆಗೆ ಬೇಕಾಗುತ್ತದೆ.

ಮ್ಯಾಂಗನೀಸಿನ ಅರ್ಧವನ್ನು ತೆಗೆದುಕೊಳ್ಳಿ:

MnO₄⁻ → MnO₂

ಎರಡೂ ಕಡೆ ಒಂದೊಂದು ಮ್ಯಾಂಗನೀಸ್ ಇದೆ, ಸರಿ. ಆಕ್ಸಿಜನ್ ಎಡಕ್ಕೆ 4, ಬಲಕ್ಕೆ 2. ಬಲಕ್ಕೆ ಎರಡು ಕಡಿಮೆ, ಅಲ್ಲಿ 2H₂O ಹಾಕಿ. ಈಗ ಬಲಕ್ಕೆ 4 ಹೈಡ್ರೋಜನ್ ಬಂದವು, ಎಡಕ್ಕೆ ಒಂದೂ ಇಲ್ಲ. ಎಡಕ್ಕೆ 4H⁺ ಹಾಕಿ:

MnO₄⁻ + 4H⁺ → MnO₂ + 2H₂O

ಪರಮಾಣುಗಳೆಲ್ಲ ಸರಿಹೋದವು. ಎಲೆಕ್ಟ್ರಾನಿನ ಸರದಿ ಬರುವುದು ಈಗ, ಇದಕ್ಕೆ ಮುಂಚೆ ಅಲ್ಲ. ಎರಡೂ ಕಡೆಯ ಚಾರ್ಜ್ ಎಣಿಸಿ. ಎಡಕ್ಕೆ −1 ಮತ್ತು +4, ಒಟ್ಟು +3. ಬಲಕ್ಕೆ ಸೊನ್ನೆ. ಎಲೆಕ್ಟ್ರಾನಿನ ಚಾರ್ಜ್ −1, ಆದ್ದರಿಂದ ಅದನ್ನು ಹಾಕಿದ ಕಡೆ ಚಾರ್ಜ್ ಇಳಿಯುತ್ತದೆ. ಚಾರ್ಜ್ ಯಾವ ಕಡೆ ಮೇಲಿದೆಯೋ ಆ ಕಡೆಗೇ ಎಲೆಕ್ಟ್ರಾನ್ ಹಾಕಬೇಕು, ಎಷ್ಟು ಮೇಲಿದೆಯೋ ಅಷ್ಟೇ ಹಾಕಬೇಕು. ಇಲ್ಲಿ ಎಡಗಡೆ 3 ಹೆಚ್ಚಿದೆ:

MnO₄⁻ + 4H⁺ + 3e⁻ → MnO₂ + 2H₂O

‘ಅಪಕರ್ಷಣದಲ್ಲಿ ಎಡಕ್ಕೆ, ಉತ್ಕರ್ಷಣದಲ್ಲಿ ಬಲಕ್ಕೆ’ ಎಂದು ಬಾಯಿಪಾಠ ಮಾಡಿಕೊಂಡವರು ಪರೀಕ್ಷೆಯ ಗಡಿಬಿಡಿಯಲ್ಲಿ ಅದನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ. ಚಾರ್ಜ್ ಎಣಿಸಿ ಹಾಕುವವರಿಗೆ ಬಾಯಿಪಾಠವೇ ಬೇಡ. ಬಾಯಿಪಾಠದ ಮಾತು ಆಮೇಲೆ ತಾನಾಗಿ ನಿಜವಾಗುತ್ತದೆ, ಆಗದಿದ್ದರೆ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ.

ಸಲ್ಫೈಟಿನ ಅರ್ಧವೂ ಇದೇ ರೀತಿ. ಎಡಕ್ಕೆ ಒಂದು ಆಕ್ಸಿಜನ್ ಕಡಿಮೆ, ಅಲ್ಲಿ ಒಂದು H₂O. ಬಲಕ್ಕೆ ಎರಡು ಹೈಡ್ರೋಜನ್ ಕಡಿಮೆ, ಅಲ್ಲಿ 2H⁺. ಈಗ ಎಡಕ್ಕೆ ಚಾರ್ಜ್ −2, ಬಲಕ್ಕೆ −2 ಮತ್ತು +2 ಸೇರಿ ಸೊನ್ನೆ. ಸೊನ್ನೆ −2ಕ್ಕಿಂತ ಮೇಲಿದೆ, ಆದ್ದರಿಂದ ಬಲಕ್ಕೆ ಎರಡು ಎಲೆಕ್ಟ್ರಾನ್:

SO₃²⁻ + H₂O → SO₄²⁻ + 2H⁺ + 2e⁻

ಬಹಳ ಮಂದಿ ಎಡವುವುದು ಇಲ್ಲೇ. ಎಡಕ್ಕೆ −2, ಬಲಕ್ಕೆ ಸೊನ್ನೆ ಎಂದು ನೋಡಿ, ‘ಎರಡು’ ಇರುವುದು ಎಡಕ್ಕೆ ಎಂದುಕೊಂಡು ಎಲೆಕ್ಟ್ರಾನನ್ನೂ ಅಲ್ಲೇ ಹಾಕಿಬಿಡುತ್ತಾರೆ. ಆಗ ಎಡಕ್ಕೆ −4 ಆಗುತ್ತದೆ, ವ್ಯತ್ಯಾಸ ಮುಚ್ಚುವ ಬದಲು ಇನ್ನೂ ದೊಡ್ಡದಾಗುತ್ತದೆ. ಎಲೆಕ್ಟ್ರಾನ್ ಹಾಕಿದ ಮೇಲೆ ಇನ್ನೊಂದು ಸಲ ಚಾರ್ಜ್ ಎಣಿಸಿದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಒಂದು ಅರ್ಧದಲ್ಲಿ ಮೂರು ಎಲೆಕ್ಟ್ರಾನ್, ಇನ್ನೊಂದರಲ್ಲಿ ಎರಡು. ಎರಡನ್ನೂ ಆರಕ್ಕೆ ತರಬೇಕು. ಮೊದಲನೆಯ ಸಾಲನ್ನು ಪೂರ್ತಿಯಾಗಿ 2ರಿಂದ, ಎರಡನೆಯದನ್ನು ಪೂರ್ತಿಯಾಗಿ 3ರಿಂದ ಗುಣಿಸಿ. ಪೂರ್ತಿಯಾಗಿ ಎಂದರೆ H⁺, ನೀರು ಎಲ್ಲವನ್ನೂ ಸೇರಿಸಿ. ಆಮೇಲೆ ಎರಡೂ ಸಾಲನ್ನು ಕೂಡಿಸಿ:

2MnO₄⁻ + 8H⁺ + 3SO₃²⁻ + 3H₂O → 2MnO₂ + 4H₂O + 3SO₄²⁻ + 6H⁺

ಎರಡೂ ಕಡೆ ಇರುವುದನ್ನು ಕಳೆಯಿರಿ. H⁺ ಎಡಕ್ಕೆ 8, ಬಲಕ್ಕೆ 6, ಎಡಕ್ಕೆ 2 ಉಳಿಯಿತು. ನೀರು ಎಡಕ್ಕೆ 3, ಬಲಕ್ಕೆ 4, ಬಲಕ್ಕೆ 1 ಉಳಿಯಿತು:

2MnO₄⁻ + 3SO₃²⁻ + 2H⁺ → 2MnO₂ + 3SO₄²⁻ + H₂O

ನೀವು ನಿಂತಿರುವುದು ಇಲ್ಲಿ. ಪರಮಾಣು ಸರಿ, ಚಾರ್ಜ್ ಸರಿ (ಎರಡೂ ಕಡೆ −6). ಆದರೆ ಪ್ರಶ್ನೆಯಲ್ಲಿ ಮಾಧ್ಯಮ ಕ್ಷಾರೀಯ ಎಂದಿದೆ. pH 13ರ ದ್ರಾವಣದಲ್ಲಿ ಒಂದು ಲೀಟರಿಗೆ H⁺ ಇರುವುದು 10⁻¹³ ಮೋಲ್, OH⁻ ಇರುವುದು 0.1 ಮೋಲ್. ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರುವ H⁺ ಅನ್ನು ಸಮೀಕರಣದ ಎಡಗಡೆ, ಕ್ರಿಯೆಗೆ ಇಳಿಯುವ ವಸ್ತುವೆಂದು ಬರೆಯುವುದು ಆ ದ್ರಾವಣದ ವಿಷಯದಲ್ಲಿ ಸುಳ್ಳಾಗುತ್ತದೆ. ಅದಕ್ಕೇ ಉಳಿದ ಹೆಜ್ಜೆ: ಎಷ್ಟು H⁺ ಇದೆಯೋ ಅಷ್ಟೇ OH⁻ ಅನ್ನು ಎರಡೂ ಕಡೆ ಸೇರಿಸಿ. ಇಲ್ಲಿ 2OH⁻. ಎಡಗಡೆ 2H⁺ ಮತ್ತು 2OH⁻ ಸೇರಿ 2H₂O ಆಗುತ್ತದೆ:

2MnO₄⁻ + 3SO₃²⁻ + 2H₂O → 2MnO₂ + 3SO₄²⁻ + H₂O + 2OH⁻

ನೀರು ಮತ್ತೆ ಎರಡೂ ಕಡೆ ಬಂತು. ಒಂದೊಂದನ್ನು ಕಳೆಯಿರಿ:

2MnO₄⁻ + 3SO₃²⁻ + H₂O → 2MnO₂ + 3SO₄²⁻ + 2OH⁻

ನಿಮ್ಮ ಉತ್ತರದ ಹಾಳೆಯಲ್ಲಿರುವುದು ಇದೇ. ತಾಳೆ ನೋಡಿ: ಆಕ್ಸಿಜನ್ ಎಡಕ್ಕೆ 8 + 9 + 1 = 18, ಬಲಕ್ಕೆ 4 + 12 + 2 = 18. ಚಾರ್ಜ್ ಎಡಕ್ಕೆ −2 − 6 = −8, ಬಲಕ್ಕೆ −6 − 2 = −8.

ಈ ಹೆಜ್ಜೆಯಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, H⁺ ಅನ್ನು ಅಳಿಸಿ ಅದೇ ಜಾಗದಲ್ಲಿ OH⁻ ಬರೆಯುವುದು. ಹಾಗೆ ಮಾಡಿದರೆ ಆಕ್ಸಿಜನ್ನೂ ಕೆಡುತ್ತದೆ, ಚಾರ್ಜೂ ಕೆಡುತ್ತದೆ. ಇನ್ನೊಂದು, ಕೊನೆಗೆ ನೀರನ್ನು ಕಳೆಯದೆ ಬಿಡುವುದು. ಇದರಲ್ಲಿ ತಾಳೆ ತಪ್ಪುವುದಿಲ್ಲ, ಆದರೆ ಒಂದೇ ವಸ್ತು ಎರಡೂ ಕಡೆ ನಿಂತಿರುವ ಸಮೀಕರಣಕ್ಕೆ ಪೂರ್ತಿ ಅಂಕ ಸಿಗುವ ಭರವಸೆ ಇಲ್ಲ. ಪ್ರತಿ ಅರ್ಧದಲ್ಲೇ OH⁻ ಹಾಕಿಕೊಂಡು ಹೋಗುವ ದಾರಿಯೂ ಇದೆ. ಆಗ ಮ್ಯಾಂಗನೀಸಿನ ಅರ್ಧ ಹೀಗಿರುತ್ತದೆ: MnO₄⁻ + 2H₂O + 3e⁻ → MnO₂ + 4OH⁻. ಉತ್ತರ ಒಂದೇ ಬರುತ್ತದೆ. ಆದರೂ ಮೊದಲು ಆಮ್ಲೀಯವೆಂದೇ ಮಾಡಿ ಕೊನೆಗೆ ಒಂದೇ ಸಲ OH⁻ ಸೇರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎಲ್ಲ ಲೆಕ್ಕಕ್ಕೂ ಒಂದೇ ಕ್ರಮ ಸಾಕಾಗುತ್ತದೆ, ತಪ್ಪುವ ಜಾಗವೂ ಒಂದೇ ಆಗುತ್ತದೆ.

‘ಬೇಸಿಕ್ ಮೀಡಿಯಂ’ ಎಂಬ ಎರಡು ಪದ H⁺, OH⁻ ಆಟಕ್ಕಷ್ಟೇ ಅಲ್ಲ. ಅವು ಉತ್ಪನ್ನವನ್ನೇ ಬದಲಿಸುತ್ತವೆ. ಪರ್ಮ್ಯಾಂಗನೇಟ್ ಮತ್ತು ಸಲ್ಫೈಟ್ ಇದನ್ನು ಕಣ್ಣಿಗೆ ತೋರಿಸುವ ಜೋಡಿ. ನಿಮ್ಮ ಉಪನ್ಯಾಸಕರು ಒಪ್ಪಿದರೆ ಲ್ಯಾಬಿನಲ್ಲಿ ಅವರೆದುರೇ ಮಾಡಿ ನೋಡಿ, ಮುಖಕ್ಕೆ ಕನ್ನಡಕ ಹಾಕಿಕೊಂಡು. ಮೂರು ಪ್ರನಾಳಗಳಲ್ಲಿ ತೆಳು ನೇರಳೆಯ KMnO₄ ದ್ರಾವಣ ತೆಗೆದುಕೊಳ್ಳಿ. ಒಂದಕ್ಕೆ ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲ, ಎರಡನೆಯದಕ್ಕೆ ಬರೀ ನೀರು, ಮೂರನೆಯದಕ್ಕೆ ಗಾಢ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ. ಮೂರಕ್ಕೂ ಸೋಡಿಯಂ ಸಲ್ಫೈಟಿನ ದ್ರಾವಣವನ್ನು ಹನಿಹನಿಯಾಗಿ ಬಿಡಿ.

ಆಮ್ಲದ ಪ್ರನಾಳದಲ್ಲಿ ನೇರಳೆ ಹೋಗಿ ನೀರಿನಂತೆ ತಿಳಿಯಾಗುತ್ತದೆ. ಅಲ್ಲಿ ಮ್ಯಾಂಗನೀಸ್ Mn²⁺ ಆಗಿದೆ, ಇಷ್ಟು ತೆಳುವಾಗಿದ್ದರೆ ಅದರ ನಸುಗುಲಾಬಿ ಕಾಣುವುದೇ ಇಲ್ಲ. ಬರೀ ನೀರಿನ ಪ್ರನಾಳದಲ್ಲಿ ಕಂದು ಬಣ್ಣದ ಗಸಿ ಮೂಡಿ ನಿಧಾನವಾಗಿ ತಳಕ್ಕಿಳಿಯುತ್ತದೆ. ಅದು MnO₂. ಪರ್ಮ್ಯಾಂಗನೇಟ್ ಮುಟ್ಟಿದ ಬೆರಳು ಕೆಲ ಹೊತ್ತಿಗೆ ಕಂದಾಗುವುದೂ ಇದೇ ವಸ್ತುವಿನಿಂದ. ಚಿತ್ರದುರ್ಗದ ಶಿಲಾ ಪಟ್ಟಿಯಲ್ಲಿ ಸಿಗುವ ಕರಿಯ ಮ್ಯಾಂಗನೀಸ್ ಅದಿರಿನಲ್ಲೂ MnO₂ ಇದೆ. ಗಾಢ ಕ್ಷಾರದ ಪ್ರನಾಳದಲ್ಲಿ ಮೊದಲ ಹನಿಗಳಿಗೇ ನೇರಳೆ ಹೋಗಿ ಹಸಿರು ಬರುತ್ತದೆ. ಅದು ಮ್ಯಾಂಗನೇಟ್ ಅಯಾನು, MnO₄²⁻. ಇಲ್ಲಿ ಕೈ ಹಿಡಿತದಲ್ಲಿರಬೇಕು. ಸಲ್ಫೈಟ್ ಜಾಸ್ತಿ ಬಿದ್ದರೆ ಹಸಿರೂ ಹೋಗಿ ಕಂದಾಗಿಬಿಡುತ್ತದೆ.

ಮ್ಯಾಂಗನೀಸ್ +7ರಿಂದ ಆಮ್ಲದಲ್ಲಿ +2ಕ್ಕೆ, ನೀರಿನಲ್ಲಿ +4ಕ್ಕೆ, ಗಾಢ ಕ್ಷಾರದಲ್ಲಿ +6ಕ್ಕೆ ಇಳಿಯಿತು. ಅಂದರೆ ಒಂದೊಂದು ಪರ್ಮ್ಯಾಂಗನೇಟ್ ಕ್ರಮವಾಗಿ 5, 3 ಮತ್ತು 1 ಎಲೆಕ್ಟ್ರಾನ್ ತೆಗೆದುಕೊಂಡಿತು. ಸಲ್ಫೈಟಿನ ಅರ್ಧ ಮೂರರಲ್ಲೂ ಅದೇ, ಎರಡು ಎಲೆಕ್ಟ್ರಾನ್ ಕೊಡುತ್ತದೆ. (ಆಮ್ಲದಲ್ಲಿ ಸಲ್ಫೈಟಿನ ಬಹುಪಾಲು HSO₃⁻ ಮತ್ತು SO₂ ರೂಪಕ್ಕೆ ಹೋಗಿರುತ್ತದೆ. ವರ್ಕ್‌ಶೀಟಿನಲ್ಲಿ SO₃²⁻ ಎಂದು ಕೊಟ್ಟಿದ್ದರೆ ಹಾಗೇ ಬರೆಯಿರಿ, ಎಲೆಕ್ಟ್ರಾನಿನ ಲೆಕ್ಕ ಬದಲಾಗುವುದಿಲ್ಲ.) ಮೇಲಿನ ಕ್ರಮದಲ್ಲೇ ಮಾಡಿದರೆ ಆಮ್ಲೀಯ ಮಾಧ್ಯಮದ ಉತ್ತರ ಹೀಗೆ ಬರಬೇಕು:

2MnO₄⁻ + 5SO₃²⁻ + 6H⁺ → 2Mn²⁺ + 5SO₄²⁻ + 3H₂O

ಗಾಢ ಕ್ಷಾರದಲ್ಲಿ ಹೀಗೆ:

2MnO₄⁻ + SO₃²⁻ + 2OH⁻ → 2MnO₄²⁻ + SO₄²⁻ + H₂O

ಈ ಎರಡನ್ನೂ ಉತ್ತರ ಮುಚ್ಚಿಟ್ಟು ನೀವೇ ಮಾಡಿ ನೋಡಿ. ಎರಡನೆಯದರಲ್ಲಿ OH⁻ ಎಡಕ್ಕೆ ಬಂದಿರುವುದನ್ನು ಗಮನಿಸಿ. ‘ಕ್ಷಾರೀಯವಾದರೆ OH⁻ ಬಲಕ್ಕೆ’ ಎಂಬ ನಿಯಮ ಯಾವುದೂ ಇಲ್ಲ. H⁺ ಯಾವ ಕಡೆ ಉಳಿಯುತ್ತದೋ ಅದರ ಎದುರುಗಡೆ OH⁻ ಬಂದು ನಿಲ್ಲುತ್ತದೆ, ಅಷ್ಟೇ.

ಹೀಗಾಗಿ ಉತ್ಪನ್ನವನ್ನು ಕೊಡದೆ ಮಾಧ್ಯಮವನ್ನು ಮಾತ್ರ ಕೊಟ್ಟಿದ್ದರೆ ಮೊದಲು ಉತ್ಪನ್ನ ಯಾವುದೆಂದು ತೀರ್ಮಾನಿಸಬೇಕು. ಆಮ್ಲದಲ್ಲಿ Mn²⁺, ತಟಸ್ಥ ಅಥವಾ ಸೌಮ್ಯ ಕ್ಷಾರದಲ್ಲಿ MnO₂. ನಿಮ್ಮ ಹಂತದ ವರ್ಕ್‌ಶೀಟುಗಳಿಗೆ ಇವೆರಡು ನೆನಪಿದ್ದರೆ ಸಾಕು. ಆಮ್ಲ ಎಂದರೆ ಸಲ್ಫ್ಯೂರಿಕ್ ಆಮ್ಲವನ್ನೇ ಹಾಕುವುದಕ್ಕೂ ಕಾರಣವಿದೆ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪರ್ಮ್ಯಾಂಗನೇಟ್ ಅದರ ಕ್ಲೋರೈಡನ್ನೇ ಕ್ಲೋರಿನ್ ಆಗಿ ಉತ್ಕರ್ಷಿಸಲು ತೊಡಗುತ್ತದೆ, ಲೆಕ್ಕ ದಾರಿ ತಪ್ಪುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಅಂದಾಜಿನ ದಾರಿ. ಇದನ್ನು ಕಡೆಗಣಿಸಬಾರದು. ಪರಮಾಣು ಎಣಿಸಿ ಅಂಕಿ ಹಾಕುವ ಕ್ರಮ ಹೈಸ್ಕೂಲಿನಲ್ಲಿ ಚೆನ್ನಾಗಿಯೇ ನಡೆದಿದೆ. ರೆಡಾಕ್ಸ್ ಅಯಾನು ಸಮೀಕರಣಕ್ಕೆ ಬಂದಾಗ ಅದು ಎರಡು ಕಡೆ ಕೈಕೊಡುತ್ತದೆ. ಮೊದಲನೆಯದು ಸುಲಭವಾಗಿ ಕಾಣುತ್ತದೆ. ಆಮ್ಲದಲ್ಲಿ ಪರ್ಮ್ಯಾಂಗನೇಟ್ ಮತ್ತು ಫೆರಸ್ ಅಯಾನು:

MnO₄⁻ + Fe²⁺ + 8H⁺ → Mn²⁺ + Fe³⁺ + 4H₂O

ಒಂದೊಂದೇ ಪರಮಾಣು ಎಣಿಸಿ. ಮ್ಯಾಂಗನೀಸ್, ಕಬ್ಬಿಣ, ಆಕ್ಸಿಜನ್, ಹೈಡ್ರೋಜನ್, ನಾಲ್ಕೂ ಸರಿ. ಆದರೂ ಸಮೀಕರಣ ತಪ್ಪು. ಚಾರ್ಜ್ ಎಡಕ್ಕೆ −1 + 2 + 8 = +9, ಬಲಕ್ಕೆ +2 + 3 = +5. ಮ್ಯಾಂಗನೀಸಿಗೆ ಐದು ಎಲೆಕ್ಟ್ರಾನ್ ಬೇಕು, ಒಂದು Fe²⁺ ಕೊಡುವುದು ಒಂದನ್ನೇ. ಉಳಿದ ನಾಲ್ಕು ಎಲ್ಲಿಂದ ಬಂದವು ಎಂಬುದಕ್ಕೆ ಈ ಸಾಲಿನಲ್ಲಿ ಉತ್ತರವಿಲ್ಲ. 5Fe²⁺ ಮತ್ತು 5Fe³⁺ ಬರೆದರೆ ಎರಡೂ ಕಡೆ +17 ಆಗಿ ತಾಳೆಯಾಗುತ್ತದೆ.

‘ಸರಿ, ಇನ್ನು ಮೇಲೆ ಚಾರ್ಜೂ ನೋಡ್ತೀನಿ’ ಎಂದು ನೀವು ಹೇಳಬಹುದು. ಎರಡನೆಯ ಉದಾಹರಣೆಯಲ್ಲಿ ಅದೂ ಸಾಲದು. ಆಮ್ಲದಲ್ಲಿ ಪರ್ಮ್ಯಾಂಗನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್. ಅಂದಾಜಿನಲ್ಲಿ ಹೋದವರಿಗೆ ಹೀಗೆ ಬರಬಹುದು:

2MnO₄⁻ + H₂O₂ + 6H⁺ → 2Mn²⁺ + 3O₂ + 4H₂O

ಆಕ್ಸಿಜನ್ ಎಡಕ್ಕೆ 8 + 2 = 10, ಬಲಕ್ಕೆ 6 + 4 = 10. ಹೈಡ್ರೋಜನ್ ಎರಡೂ ಕಡೆ 8. ಚಾರ್ಜ್ ಎಡಕ್ಕೆ −2 + 6 = +4, ಬಲಕ್ಕೆ +4. ಪರಮಾಣುವೂ ಸರಿ, ಚಾರ್ಜೂ ಸರಿ. ಆದರೂ ಇದು ತಪ್ಪು. ಸರಿಯಾದದ್ದು ಇದು:

2MnO₄⁻ + 5H₂O₂ + 6H⁺ → 2Mn²⁺ + 5O₂ + 8H₂O

ಇದರ ತಾಳೆಯೂ ನೋಡಿ: ಆಕ್ಸಿಜನ್ ಎರಡೂ ಕಡೆ 18, ಹೈಡ್ರೋಜನ್ 16, ಚಾರ್ಜ್ +4. ಎರಡೂ ಸಮೀಕರಣ ತಾಳೆಯಾಗುತ್ತವೆ ಎಂದಾದರೆ ಒಂದು ಯಾಕೆ ಸರಿ, ಇನ್ನೊಂದು ಯಾಕೆ ತಪ್ಪು? ಮೊದಲ ಸಮೀಕರಣಕ್ಕೆ 4H₂O₂ → 4H₂O + 2O₂ ಎಂಬುದನ್ನು ಕೂಡಿಸಿ ನೋಡಿ, ಎರಡನೆಯದು ಸಿಗುತ್ತದೆ. ಪೆರಾಕ್ಸೈಡ್ ತಾನೇ ಒಡೆದು ನೀರು ಮತ್ತು ಆಕ್ಸಿಜನ್ ಆಗುವ ಈ ಸಾಲು ತನ್ನಷ್ಟಕ್ಕೆ ತಾನೇ ತಾಳೆಯಾಗಿದೆ. ಅದನ್ನು ಎಷ್ಟು ಸಲ ಕೂಡಿಸಿದರೂ, ಕಳೆದರೂ ತಾಳೆ ಕೆಡುವುದಿಲ್ಲ. ಹಾಗಾಗಿ ಪರಮಾಣು ಮತ್ತು ಚಾರ್ಜನ್ನು ಮಾತ್ರ ನಂಬಿದರೆ ಈ ಲೆಕ್ಕಕ್ಕೆ ಬೇಕಾದಷ್ಟು ‘ಉತ್ತರ’ಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿಕೊಡುವುದು ಎಲೆಕ್ಟ್ರಾನಿನ ಲೆಕ್ಕ.

ಅರ್ಧ ಕ್ರಿಯೆ ಬರೆಯುವಾಗ ಪೆರಾಕ್ಸೈಡಿನ ಅರ್ಧ ಹೀಗಿರುತ್ತದೆ: H₂O₂ → O₂ + 2H⁺ + 2e⁻. ಮ್ಯಾಂಗನೀಸಿನ ಅರ್ಧ: MnO₄⁻ + 8H⁺ + 5e⁻ → Mn²⁺ + 4H₂O. ಎರಡು ಪರ್ಮ್ಯಾಂಗನೇಟಿಗೆ ಹತ್ತು ಎಲೆಕ್ಟ್ರಾನ್ ಬೇಕು, ಒಂದೊಂದು ಪೆರಾಕ್ಸೈಡ್ ಕೊಡುವುದು ಎರಡು, ಆದ್ದರಿಂದ ಐದು ಪೆರಾಕ್ಸೈಡ್. ಮಂಡಿಯ ಖಾತೆಯಲ್ಲಿ ಜಮಾ ಮತ್ತು ಖರ್ಚು ಕೂಡುವ ಹಾಗೆ ಇಲ್ಲಿ ಕೊಟ್ಟ ಎಲೆಕ್ಟ್ರಾನ್ ಮತ್ತು ತೆಗೆದುಕೊಂಡ ಎಲೆಕ್ಟ್ರಾನ್ ಕೂಡಬೇಕು. ತಪ್ಪು ಸಮೀಕರಣದಲ್ಲಿ ಪೆರಾಕ್ಸೈಡ್ ಒಂದೇ ಇದೆ, ಅದು ಕೊಡುವುದು ಎರಡು. ಉಳಿದ ಎಂಟನ್ನು ಪರ್ಮ್ಯಾಂಗನೇಟಿನ ಆಕ್ಸಿಜನ್ನೇ ಕೊಟ್ಟು O₂ ಆಯಿತು ಎಂದು ಅದು ಹೇಳಿದ ಹಾಗಾಗುತ್ತದೆ. ನಿಜದಲ್ಲಿ ಹಾಗೆ ನಡೆಯುವುದಿಲ್ಲ. ಆಕ್ಸಿಜನ್‌ನ ಭಾರದ ಐಸೊಟೋಪ್ ಬಳಸಿ ನೋಡಿದ ಪ್ರಯೋಗಗಳಲ್ಲಿ ಹೊರಬರುವ O₂ ಪೆರಾಕ್ಸೈಡಿನಿಂದಲೇ ಬರುತ್ತದೆ ಎಂದು ಕಂಡಿದೆ. ಟೈಟ್ರೇಷನ್‌ನಲ್ಲಿ ಪೆರಾಕ್ಸೈಡಿನ ಪ್ರಮಾಣ ಅಳೆಯುವುದೂ ಈ 2ಕ್ಕೆ 5ರ ಲೆಕ್ಕದ ಮೇಲೆಯೇ.

ಅಂದರೆ ಅರ್ಧ ಕ್ರಿಯೆಯ ಕ್ರಮ ಅಂದಾಜಿನ ಕ್ರಮದ ಉದ್ದನೆಯ ರೂಪವಲ್ಲ. ಯಾವ ವಸ್ತುವಿನ ಯಾವ ಪರಮಾಣು ಎಲೆಕ್ಟ್ರಾನ್ ಕೊಟ್ಟಿತು, ಯಾವುದು ತೆಗೆದುಕೊಂಡಿತು ಎಂಬ ಮಾಹಿತಿಯನ್ನು ಅದು ಲೆಕ್ಕದೊಳಗೆ ತರುತ್ತದೆ. ಅಂದಾಜಿನ ಕ್ರಮಕ್ಕೆ ಆ ಮಾಹಿತಿ ಸಿಗುವುದೇ ಇಲ್ಲ.

ಉತ್ಕರ್ಷಣ ಸಂಖ್ಯೆಯನ್ನು ಪರೀಕ್ಷೆಗೆ ಇಟ್ಟುಕೊಳ್ಳಿ ಎಂದಿದ್ದೆ. ಅದು ಉಪಯೋಗಕ್ಕೆ ಬರುವ ಜಾಗ ಡೈಕ್ರೋಮೇಟ್. Cr₂O₇²⁻ → Cr³⁺ ಎಂದು ಕೊಟ್ಟಾಗ ಅವಸರದಲ್ಲಿ ಬಲಗಡೆಯ ಕ್ರೋಮಿಯಂಗೆ 2 ಹಾಕುವುದನ್ನು ಮರೆತು ನೇರವಾಗಿ ಆಕ್ಸಿಜನ್‌ಗೆ ಹೋಗುತ್ತಾರೆ. 7H₂O, 14H⁺ ಬರುತ್ತವೆ, ಚಾರ್ಜ್ ಎಡಕ್ಕೆ +12, ಬಲಕ್ಕೆ +3, ಹಾಗಾಗಿ 9 ಎಲೆಕ್ಟ್ರಾನ್ ಹಾಕುತ್ತಾರೆ. ಈಗ ಉತ್ಕರ್ಷಣ ಸಂಖ್ಯೆ ಕೇಳಿ: ಒಂದೊಂದು ಕ್ರೋಮಿಯಂ +6ರಿಂದ +3ಕ್ಕೆ ಇಳಿಯುತ್ತದೆ, ಎರಡು ಕ್ರೋಮಿಯಂಗೆ ಒಟ್ಟು 6. ಒಂಬತ್ತು ಮತ್ತು ಆರು ಹೊಂದುತ್ತಿಲ್ಲ, ಎಲ್ಲೋ ತಪ್ಪಿದೆ. 2Cr³⁺ ಬರೆದರೆ ಬಲಕ್ಕೆ +6 ಆಗಿ, ಎಲೆಕ್ಟ್ರಾನ್ 6 ಬರುತ್ತದೆ:

Cr₂O₇²⁻ + 14H⁺ + 6e⁻ → 2Cr³⁺ + 7H₂O

ಚಾರ್ಜಿನಿಂದ ಬಂದ ಎಲೆಕ್ಟ್ರಾನ್ ಸಂಖ್ಯೆ ಮತ್ತು ಉತ್ಕರ್ಷಣ ಸಂಖ್ಯೆಯಿಂದ ಬಂದ ಸಂಖ್ಯೆ ಎರಡೂ ಒಂದೇ ಇದ್ದರೆ ಮಾತ್ರ ಗುಣಿಸುವ ಹೆಜ್ಜೆಗೆ ಹೋಗಿ. ಆದರೆ ಇವೆರಡನ್ನು ಬೆರೆಸಬೇಡಿ. ಅರ್ಧ ಕ್ರಿಯೆಯಲ್ಲಿ MnO₄⁻ ಅಯಾನಿನ ಚಾರ್ಜ್ −1, +7 ಅಲ್ಲ. ದ್ರಾವಣದಲ್ಲಿ Mn⁷⁺ ಎಂಬ ಬಿಡಿ ಅಯಾನು ಇರುವುದಿಲ್ಲ.

ಉಳಿದದ್ದು ತಾಮ್ರ. ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ಗಣಿ ತೋಡಿ ತೆಗೆಯುತ್ತಿದ್ದ ಲೋಹ ಇದೇ. ಅದು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಜಗ್ಗುವುದಿಲ್ಲ, ನೈಟ್ರಿಕ್ ಆಮ್ಲಕ್ಕೆ ಕರಗುತ್ತದೆ. ಅಲ್ಲಿ ತಾಮ್ರದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು H⁺ ಅಲ್ಲ, ನೈಟ್ರೇಟ್. ದುರ್ಬಲಗೊಳಿಸಿದ ಆಮ್ಲದಲ್ಲಿ ಎರಡು ಅರ್ಧಗಳು:

Cu → Cu²⁺ + 2e⁻
NO₃⁻ + 4H⁺ + 3e⁻ → NO + 2H₂O

ಮೇಲಿನದನ್ನು 3ರಿಂದ, ಕೆಳಗಿನದನ್ನು 2ರಿಂದ ಗುಣಿಸಿ ಕೂಡಿಸಿದರೆ:

3Cu + 2NO₃⁻ + 8H⁺ → 3Cu²⁺ + 2NO + 4H₂O

ನಿಮಗೆ ಬಂದ 2 ನೈಟ್ರೇಟ್ ಇದೇ, ಮತ್ತು ಅದು ಸರಿ. ವರ್ಕ್‌ಶೀಟಿನ ಉತ್ತರ ಅಣು ರೂಪದಲ್ಲಿದೆ, ನಿಮ್ಮದು ಅಯಾನು ರೂಪದಲ್ಲಿದೆ, ವ್ಯತ್ಯಾಸ ಅಷ್ಟೇ. ಅಣು ರೂಪಕ್ಕೆ ಹೋಗುವಾಗ ಕೇಳಬೇಕಾದದ್ದು ‘ಈ 8H⁺ ಎಲ್ಲಿಂದ ಬಂತು?’ ಎಂದು. ಬಾಟಲಿಯಲ್ಲಿ ಬರೀ H⁺ ಇರುವುದಿಲ್ಲ, HNO₃ ಇರುತ್ತದೆ. ಎಂಟು H⁺ ಬೇಕೆಂದರೆ ಎಂಟು HNO₃ ಬೇಕು, ಅದರ ಜೊತೆ ಎಂಟು NO₃⁻ ಬರುತ್ತವೆ. ಅವುಗಳಲ್ಲಿ ಎರಡು ಎಲೆಕ್ಟ್ರಾನ್ ತೆಗೆದುಕೊಂಡು NO ಆಗುತ್ತವೆ. ಉಳಿದ ಆರು ಬದಲಾಗದೆ ಮೂರು Cu²⁺ ಜೊತೆ ನಿಲ್ಲುತ್ತವೆ:

3Cu + 8HNO₃ → 3Cu(NO₃)₂ + 2NO + 4H₂O

ಇಲ್ಲಿ ನೈಟ್ರೇಟಿಗೆ ಎರಡು ಕೆಲಸ. ಒಂದು ಪಾಲು ಉತ್ಕರ್ಷಕ, ಇನ್ನೊಂದು ಪಾಲು ಚಾರ್ಜ್ ಸರಿದೂಗಿಸಲು ನಿಂತಿರುವ ಪ್ರೇಕ್ಷಕ ಅಯಾನು. ಅರ್ಧ ಕ್ರಿಯೆಗೆ ಬರುವುದು ಮೊದಲ ಪಾಲು ಮಾತ್ರ. ಎಂಟನ್ನೂ ಅರ್ಧ ಕ್ರಿಯೆಯೊಳಗೆ ತುರುಕಿದರೆ ಎಂಟೂ ಅಪಕರ್ಷಣವಾದ ಹಾಗಾಗಿ ಲೆಕ್ಕ ಪೂರ್ತಿ ಹಾಳಾಗುತ್ತದೆ. ಪರ್ಮ್ಯಾಂಗನೇಟ್ ಲೆಕ್ಕವನ್ನು ಅಣು ರೂಪಕ್ಕೆ ತರುವುದು ಇದಕ್ಕಿಂತ ಸುಲಭ. ಅಲ್ಲಿ ಪ್ರೇಕ್ಷಕರು K⁺ ಮತ್ತು Na⁺, ಅವು ರೆಡಾಕ್ಸಿಗೆ ಇಳಿಯುವುದೇ ಇಲ್ಲ:

2KMnO₄ + 3Na₂SO₃ + H₂O → 2MnO₂ + 3Na₂SO₄ + 2KOH

ತಾಮ್ರದ ಲೆಕ್ಕದಲ್ಲಿ ಇನ್ನೊಂದು ಎಚ್ಚರಿಕೆ. ಲ್ಯಾಬಿನಲ್ಲಿ ದುರ್ಬಲ ಆಮ್ಲ ಹಾಕಿದಾಗಲೂ ಪ್ರನಾಳದ ಬಾಯಲ್ಲಿ ಕಂದು ಹೊಗೆ ಕಾಣುತ್ತದೆ. ಅದನ್ನು ನೋಡಿ ಉತ್ಪನ್ನವನ್ನು NO₂ ಎಂದು ಬರೆಯಬೇಡಿ. ಕ್ರಿಯೆಯಿಂದ ಹೊರಬರುವ NO ಬಣ್ಣವಿಲ್ಲದ ಅನಿಲ. ಅದು ಗಾಳಿಯ ಆಕ್ಸಿಜನ್ ತಾಗಿದ ಮೇಲೆ ಕಂದು NO₂ ಆಗುತ್ತದೆ. ದ್ರವಕ್ಕೆ ತೀರಾ ಹತ್ತಿರ ತಿಳಿಯಾಗಿದ್ದು ಮೇಲೆ ಕಂದಾಗಿದ್ದರೆ ಅದು ಈ ಕಾರಣಕ್ಕೆ. ಈ ಹೊಗೆ ವಿಷ, ಮೂಸಿ ನೋಡುವಂಥದ್ದಲ್ಲ. ಗಾಢ ನೈಟ್ರಿಕ್ ಆಮ್ಲವಾದರೆ ಮಾತ್ರ ನೇರವಾಗಿ NO₂ ಬರುತ್ತದೆ. ಆಗ ನೈಟ್ರೇಟಿನ ಅರ್ಧ NO₃⁻ + 2H⁺ + e⁻ → NO₂ + H₂O. ಅದರಿಂದ ಬರುವ ಸಮೀಕರಣ:

Cu + 4HNO₃ → Cu(NO₃)₂ + 2NO₂ + 2H₂O

ಇದರಲ್ಲೂ ನಾಲ್ಕು ನೈಟ್ರೇಟುಗಳ ಪೈಕಿ ಎರಡು ಅಪಕರ್ಷಣವಾಗಿವೆ, ಎರಡು ತಾಮ್ರದ ಜೊತೆ ಉಳಿದಿವೆ. ವರ್ಕ್‌ಶೀಟಿನಲ್ಲಿ ಆಮ್ಲದ ಮುಂದೆ ‘ಡೈಲ್ಯೂಟ್’ ಇದೆಯೋ ‘ಕಾನ್ಸಂಟ್ರೇಟೆಡ್’ ಇದೆಯೋ ಎಂದು ನೋಡಿಕೊಂಡೇ ಪೆನ್ನು ಹಿಡಿಯಿರಿ. ಅರ್ಧ ಕ್ರಿಯೆಯ ಬಲಗಡೆ ಏನು ಬರೆಯಬೇಕೆಂದು ತೀರ್ಮಾನವಾಗುವುದು ಆ ಪದದಿಂದ.